ಬಡ್ಡಿ ಕೊಂಡ ದಿನದ ಬೆಲೆಗೆ, ಅಸಲು ಬಿಡಿಸುವ ದಿನದ ಬೆಲೆಗೆ

ಪ್ರಶ್ನೆ: 2020ರ ಆಗಸ್ಟ್‌ನಲ್ಲಿ ಬ್ಯಾಂಕಿನಲ್ಲಿ ಅರ್ಜಿ ಕೊಟ್ಟು, ಗ್ರಾಂಗೆ 5,334 ರೂಪಾಯಿಯಂತೆ 10 ಗ್ರಾಂ ಸಾವರಿನ್ ಗೋಲ್ಡ್ ಬಾಂಡ್ ಕೊಂಡಿದ್ದೆ. ಆಮೇಲೆ ಚಿನ್ನದ ಬೆಲೆ ದುಪ್ಪಟ್ಟಿಗಿಂತ ಮೇಲೆ ಹೋಯಿತು. ಬಡ್ಡಿ ಮಾತ್ರ ಆರು ತಿಂಗಳಿಗೊಮ್ಮೆ ಅದೇ 667 ರೂಪಾಯಿಯ ಆಸುಪಾಸು. ಬೆಲೆ ಏರಿದರೂ ಬಡ್ಡಿ ಏಕೆ ಏರುವುದಿಲ್ಲ? ಐದು ವರ್ಷ ಕಳೆದಿದೆ, ಬಿಡಿಸಿಕೊಳ್ಳಬಹುದು ಎನ್ನುತ್ತಾರೆ. ಬಿಡಿಸಲೇ, ಎಂಟು ವರ್ಷ ಮುಗಿಯುವವರೆಗೆ ಕಾಯಲೇ?
– ಓದುಗರು, ದಾವಣಗೆರೆ

ಉತ್ತರ: ನಿಮಗೆ ಬರುತ್ತಿರುವ ಬಡ್ಡಿ ಸರಿಯಾಗಿಯೇ ಇದೆ. ಈ ಬಾಂಡ್ ಎಂದರೆ ನೀವು ಸರ್ಕಾರಕ್ಕೆ ಕೊಟ್ಟ ಸಾಲ. ಸರ್ಕಾರದ ಪರವಾಗಿ ರಿಸರ್ವ್ ಬ್ಯಾಂಕ್ ಅದನ್ನು ಹೊರಡಿಸಿತು. ಆ ಸಾಲಕ್ಕೆ ಎರಡು ಲೆಕ್ಕಗಳಿವೆ. ಬಡ್ಡಿಯನ್ನು ನೀವು ಕಟ್ಟಿದ ರೂಪಾಯಿಯ ಮೇಲೆ ಹಾಕುತ್ತಾರೆ, ಅಸಲನ್ನು ಗ್ರಾಂ ಲೆಕ್ಕದಲ್ಲಿ ಹಿಂತಿರುಗಿಸುತ್ತಾರೆ. ನೀವು ಕಟ್ಟಿದ್ದು 53,340 ರೂಪಾಯಿ. ಅದಕ್ಕೆ ವರ್ಷಕ್ಕೆ ಶೇ 2.5ರಂತೆ 1,333 ರೂಪಾಯಿ 50 ಪೈಸೆ, ಆರು ತಿಂಗಳಿಗೆ ಅದರ ಅರ್ಧ. ಚಿನ್ನ ಎಷ್ಟೇ ಏರಲಿ, ಎಷ್ಟೇ ಇಳಿಯಲಿ, ಎಂಟು ವರ್ಷವೂ ಈ ಮೊತ್ತ ಕದಲುವುದಿಲ್ಲ. ಬಿಡಿಸುವ ದಿನ ಮಾತ್ರ ಅದಕ್ಕೆ ಹಿಂದಿನ ಮೂರು ವ್ಯವಹಾರದ ದಿನಗಳ ಅಪರಂಜಿ ಚಿನ್ನದ ಸರಾಸರಿ ಬೆಲೆಯನ್ನು 10 ಗ್ರಾಂಗೆ ಗುಣಿಸಿ ಕೊಡುತ್ತಾರೆ. ಈ ಬೆಲೆಯನ್ನು ಪ್ರಕಟಿಸುವುದು ಇಂಡಿಯಾ ಬುಲಿಯನ್ ಅಂಡ್ ಜ್ಯುವೆಲರ್ಸ್ ಅಸೋಸಿಯೇಷನ್.

ಇದರಿಂದ ಆಗುವ ಪರಿಣಾಮವನ್ನು ಬಹಳ ಜನ ಗಮನಿಸುವುದಿಲ್ಲ. ಚಿನ್ನ ಏರಿದಷ್ಟೂ ಬಡ್ಡಿಯ ಪಾಲು ಸಣ್ಣದಾಗುತ್ತಾ ಹೋಗುತ್ತದೆ. ಪೂರ್ತಿ ಎಂಟು ವರ್ಷ ಮುಗಿಸಿದ ಮೊದಲ ಕಂತನ್ನೇ ನೋಡಿ. 2015ರ ನವೆಂಬರ್‌ನಲ್ಲಿ ಗ್ರಾಂಗೆ 2,684 ರೂಪಾಯಿಗೆ ಕೊಟ್ಟಿದ್ದರು. ಆಗ ಬಡ್ಡಿ ಶೇ 2.75 ಇತ್ತು. 10 ಗ್ರಾಂ ಕೊಂಡವರು 26,840 ರೂಪಾಯಿ ಹಾಕಿದರು, ಹದಿನಾರು ಕಂತುಗಳಲ್ಲಿ ಒಟ್ಟು ಸುಮಾರು 5,900 ರೂಪಾಯಿ ಬಡ್ಡಿ ಪಡೆದರು. 2023ರ ನವೆಂಬರ್ 30ರಂದು ಗ್ರಾಂಗೆ 6,132 ರೂಪಾಯಿಯಂತೆ 61,320 ರೂಪಾಯಿ ಕೈಗೆ ಬಂತು. ಚಿನ್ನದ ಏರಿಕೆಯಿಂದ ಬಂದ ಲಾಭ 34,480 ರೂಪಾಯಿ. ಬಡ್ಡಿ ಅದರ ಆರನೇ ಒಂದು ಪಾಲು ಅಷ್ಟೆ. ಕೊನೆಯ ವರ್ಷದಲ್ಲಿ ಬಂದ 738 ರೂಪಾಯಿ ಬಡ್ಡಿಯನ್ನು ಆಗಿನ ಚಿನ್ನದ ಮೌಲ್ಯಕ್ಕೆ ಹೋಲಿಸಿದರೆ ಶೇ 1.2 ಆಗುತ್ತದೆ. ಹಾಗಾಗಿ ಇದನ್ನು ಬಡ್ಡಿಯ ಠೇವಣಿ ಎಂದು ಭಾವಿಸಬೇಡಿ. ಇದು ಚಿನ್ನ, ಬಡ್ಡಿ ಅದಕ್ಕೆ ಸೇರಿದ ಸಣ್ಣ ಕೊಸರು.

ಚಿನ್ನ ಇಳಿದಾಗ ಬಡ್ಡಿ ಕಾಪಾಡುತ್ತದೆಯೇ ಎಂದರೆ, ಅದಕ್ಕೂ ನಿಮ್ಮ ಬಾಂಡೇ ಉತ್ತರ. ನೀವು ಕೊಂಡ ತಿಂಗಳು ಬೆಲೆ ಆಗಿನ ಕಾಲಕ್ಕೆ ಬಹಳ ಮೇಲಿತ್ತು. ಏಳು ತಿಂಗಳ ನಂತರ, 2021ರ ಮಾರ್ಚ್ ಕಂತನ್ನು ಸರ್ಕಾರ 4,662 ರೂಪಾಯಿಗೆ ಕೊಟ್ಟಿತು. ಗ್ರಾಂಗೆ 672 ರೂಪಾಯಿ ಇಳಿಕೆ. ಗ್ರಾಂ ಒಂದಕ್ಕೆ ನಿಮಗೆ ಐದು ವರ್ಷದಲ್ಲಿ ಸಿಗುವ ಬಡ್ಡಿ 667 ರೂಪಾಯಿ. ಐದು ವರ್ಷದ ಬಡ್ಡಿಯಷ್ಟು ಹಣವನ್ನು ಚಿನ್ನದ ಬೆಲೆ ಏಳು ತಿಂಗಳಲ್ಲಿ ಅಳಿಸಿಹಾಕಿತ್ತು. ಸರ್ಕಾರ ಖಾತರಿ ಕೊಡುವುದು ಗ್ರಾಂಗೆ, ಬೆಲೆಗಲ್ಲ. ಆಮೇಲೆ ಬೆಲೆ ಏರಿದ್ದರಿಂದ ನಿಮಗೆ ಒಳ್ಳೆಯದಾಯಿತು. ಬಿಡಿಸಲು ಆಗದ ಆ ಐದು ವರ್ಷದ ಕಟ್ಟು ಇಳಿಕೆ ಕಂಡು ಹೆದರಿ ಮಾರುವುದನ್ನೂ ತಡೆಯಿತು ಎಂದೇ ನನ್ನ ಭಾವನೆ. ಷೇರುಪೇಟೆಯಲ್ಲಿ ಮಾರುವ ದಾರಿ ಇತ್ತು, ನಿಜ. ಆದರೆ ಅದಕ್ಕೆ ಡಿಮ್ಯಾಟ್ ಖಾತೆ ಬೇಕು. ಕೊಳ್ಳುವವರು ಕಡಿಮೆಯಾದ್ದರಿಂದ ಬೆಲೆಯೂ ಕೆಲವೊಮ್ಮೆ ಚಿನ್ನದ ದರಕ್ಕಿಂತ ಕೆಳಗೇ ಕುದುರುತ್ತದೆ.

ಈಗ ಬಿಡಿಸುವ ಮಾತು. ಐದು ವರ್ಷದ ನಂತರ ಬೇಕೆಂದ ದಿನ ಬಿಡಿಸಲು ಬರುವುದಿಲ್ಲ, ಬಡ್ಡಿ ಬೀಳುವ ದಿನ ಮಾತ್ರ ಆಗುತ್ತದೆ. ನಿಮ್ಮ ಬಾಂಡ್ ಹೊರಬಂದದ್ದು ಆಗಸ್ಟ್ 11ರಂದು, ಆದ್ದರಿಂದ ಫೆಬ್ರುವರಿ 11 ಮತ್ತು ಆಗಸ್ಟ್ 11. ಅವಧಿ ಮುಗಿಯುವುದು 2028ರ ಆಗಸ್ಟ್ 11ಕ್ಕೆ.

ನಿರ್ಧಾರವನ್ನು ತೂಗುವುದು ಬಡ್ಡಿಯಲ್ಲ, ತೆರಿಗೆ. ಬಿಡಿಸಿದಾಗ ಬರುವ ಲಾಭಕ್ಕೆ ವ್ಯಕ್ತಿಗಳಿಗೆ ತೆರಿಗೆ ವಿನಾಯಿತಿ ಇತ್ತು. 2026ರ ಬಜೆಟ್ ಇದನ್ನು ಬಿಗಿ ಮಾಡಿತು. ಏಪ್ರಿಲ್ 1ರಿಂದ, ಹೊರಡಿಸಿದಾಗಲೇ ಕೊಂಡು ಪೂರ್ತಿ ಅವಧಿಯವರೆಗೆ ಕೈಬಿಡದೆ ಇಟ್ಟುಕೊಂಡವರಿಗೆ ಮಾತ್ರ ಆ ವಿನಾಯಿತಿ. ನಡುವೆ ಬಿಡಿಸಿದರೆ ದೀರ್ಘಾವಧಿ ಲಾಭದ ಮೇಲೆ ಶೇ 12.5 ತೆರಿಗೆ. ಲೆಕ್ಕಕ್ಕೆಂದು ಗ್ರಾಂಗೆ 12,000 ರೂಪಾಯಿ ಎಂದಿಟ್ಟುಕೊಳ್ಳೋಣ. 10 ಗ್ರಾಂ ಮೇಲಿನ ಲಾಭ 66,660 ರೂಪಾಯಿ, ತೆರಿಗೆ ಸುಮಾರು 8,330. ನಿಮಗೆ ಆರು ವರ್ಷದಲ್ಲಿ ಬರುವ ಬಡ್ಡಿಗಿಂತಲೂ ಇದು ಹೆಚ್ಚು. (ಬಡ್ಡಿಗೆ ಹೇಗೂ ತೆರಿಗೆ ಇದ್ದೇ ಇದೆ, ಮೂಲದಲ್ಲಿ ಕಡಿತ ಮಾಡುವುದಿಲ್ಲವಾದ್ದರಿಂದ ರಿಟರ್ನ್ಸ್‌ನಲ್ಲಿ ನೀವೇ ತೋರಿಸಬೇಕು.) ಅಂದರೆ ಅವಧಿ ಮುಗಿಯಲು ಎರಡು ವರ್ಷ ಇರುವಾಗ ಬಿಡಿಸಿ ಹಣವನ್ನು ಹಾಗೇ ಇಟ್ಟುಕೊಂಡರೆ, ಕೊನೆಗೆ ಚಿನ್ನ ಶೇ 9ರಷ್ಟು ಇಳಿದಿದ್ದರೆ ಮಾತ್ರ ನಿಮ್ಮ ಅವಸರ ಸರಿಯಾಯಿತು ಎನ್ನಬಹುದು. ಬಿಡಿಸಿದ ಹಣವನ್ನು ಠೇವಣಿ ಇಟ್ಟರೆ ಅದರ ಬಡ್ಡಿಯನ್ನೂ ಸೇರಿಸಿ ನೋಡಬೇಕು. ಆಗ ಈ ಅಂತರ ಕರಗಿಹೋಗಬಹುದು.

ಹಾಗಾಗಿ ನನ್ನ ಅಭಿಪ್ರಾಯ ಇದು. ಮುಂದೆ ಮನೆಯಲ್ಲಿ ಮದುವೆಗೋ ಮತ್ತಾವುದಕ್ಕೋ ಚಿನ್ನ ಬೇಕಾಗಿದೆ, ಅದಕ್ಕೆಂದೇ ಇಟ್ಟಿದ್ದೇನೆ ಎನ್ನುವುದಾದರೆ 2028ರವರೆಗೆ ಕಾಯಿರಿ. ನಿಮ್ಮ ಉಳಿತಾಯದ ಬಹುಪಾಲು ಈ ಬಾಂಡಿನಲ್ಲೇ ಕೂತಿದ್ದರೆ, ಅಥವಾ ಹೆಚ್ಚು ಬಡ್ಡಿಯ ಸಾಲ ತಲೆಯ ಮೇಲಿದ್ದರೆ, ತೆರಿಗೆ ಕಟ್ಟಿಯಾದರೂ ಬಿಡಿಸುವುದು ಲೇಸು. ತಾತ್ಕಾಲಿಕವಾಗಿ ಹಣ ಬೇಕಾಗಿದ್ದರೆ ಒಡವೆಯ ಮೇಲಿನಂತೆ ಬಾಂಡಿನ ಮೇಲೂ ಸಾಲ ಕೇಳಬಹುದು. ಒಂದು ಮಾತು ನೆನಪಿರಲಿ, ಬಾಂಡಿನ ದರದಲ್ಲಿ ಶೇ 3ರ ಜಿಎಸ್‌ಟಿಯಾಗಲಿ ಮಜೂರಿಯಾಗಲಿ ಸೇರಿರುವುದಿಲ್ಲ. ಆದ್ದರಿಂದ 10 ಗ್ರಾಂ ಬಾಂಡಿನ ಹಣಕ್ಕೆ ಅಂಗಡಿಯಲ್ಲಿ 10 ಗ್ರಾಂ ಅಪರಂಜಿ ಪೂರ್ತಿ ಬರುವುದಿಲ್ಲ.

2024ರ ಫೆಬ್ರುವರಿಯಲ್ಲಿ 6,263 ರೂಪಾಯಿಗೆ ಕೊಟ್ಟ ಕಂತಿನ ನಂತರ ಸರ್ಕಾರ ಹೊಸ ಬಾಂಡ್ ಹೊರಡಿಸುವುದನ್ನು ನಿಲ್ಲಿಸಿತು. ಚಿನ್ನ ಏರಿದಷ್ಟೂ ಈ ಸಾಲ ಅದಕ್ಕೆ ದುಬಾರಿಯಾಗಿತ್ತು. ಬಿಡಿಸಿ ಮತ್ತೆ ಕೊಳ್ಳುತ್ತೇನೆ ಎಂದರೆ ಉಳಿದಿರುವುದು ಷೇರುಪೇಟೆಯ ಹಳೆಯ ಬಾಂಡ್, ಅದಕ್ಕೆ ಈಗ ತೆರಿಗೆ ವಿನಾಯಿತಿ ಇಲ್ಲ.

ಬಿಡಿಸಲೇಬೇಕು ಎಂದಾದರೆ, ಬಡ್ಡಿಯ ದಿನಕ್ಕೆ ಒಂದು ತಿಂಗಳು ಮೊದಲೇ ನೀವು ಕೊಂಡ ಬ್ಯಾಂಕ್ ಶಾಖೆಗೆ ಹೋಗಿ ಅರ್ಜಿ ಕೊಡಿ. ದಿನ ತಪ್ಪಿದರೆ ಮತ್ತೆ ಆರು ತಿಂಗಳು ಕಾಯಬೇಕು. ಕಾಯುವುದಾದರೂ ಒಮ್ಮೆ ಶಾಖೆಗೆ ಹೋಗಿ, ದಾಖಲೆಯಲ್ಲಿರುವ ಖಾತೆ ಸಂಖ್ಯೆ, ಮೊಬೈಲ್ ಸಂಖ್ಯೆ ಮತ್ತು ನಾಮಿನಿ ಹೆಸರು ಸರಿಯಾಗಿವೆಯೇ ನೋಡಿಕೊಳ್ಳಿ. ಅವಧಿ ಮುಗಿದಾಗ ಹಣ ತಾನಾಗಿಯೇ ಆ ಖಾತೆಗೆ ಬರುತ್ತದೆ, ಆ ದಿನದ ನಂತರ ಬಡ್ಡಿ ಬೆಳೆಯುವುದಿಲ್ಲ.