ಮರ್ಮಸ್ಥಾನ

ಆಯುಧಗಳಿಗೆ ಅಭೇದ್ಯವಾದ ದೇಹವನ್ನು ಪಡೆಯಬೇಕೆಂಬ ಹಂಬಲ ಮಾನವನಿಗೆ ಬಹು ಪುರಾತನವಾದುದು. ಅನೇಕ ದೇಶಗಳ ವೀರಕಥೆಗಳಲ್ಲಿ ಈ ಹಂಬಲ ರೂಪುಗೊಂಡಿದೆ. ಆದರೆ ಆ ಕಥೆಗಳಲ್ಲಿ ಅದು ಪೂರ್ಣವಾಗಿ ಕೈಗೂಡುವುದಿಲ್ಲ. ವೀರನ ಮೈಯೆಲ್ಲ ವಜ್ರವಾದರೂ ಎಲ್ಲಿಯೋ ಒಂದೆಡೆ ಅಂಗೈಯಗಲದಷ್ಟು ಜಾಗ ಮೃದುವಾಗಿ ಉಳಿದುಬಿಡುತ್ತದೆ. ಅದೇ ಅವನ ಮರ್ಮಸ್ಥಾನ. ಕೊನೆಗೆ ಮೃತ್ಯು ಆ ಕಿರುದಾರಿಯಿಂದಲೇ ಒಳಹೊಗುತ್ತದೆ. ಹಾಗಾದರೆ ವೀರನನ್ನು ಕೊಂದುದು ವಿಧಿಯೋ, ಮನುಷ್ಯನೋ?

ಇಂತಹ ಕಥೆಗಳಲ್ಲಿ ಹೆಚ್ಚು ಪ್ರಸಿದ್ಧವಾದುದು ಗ್ರೀಕ್ ವೀರ ಅಕಿಲೀಸನದು. ಅವನ ತಾಯಿ ಥೆಟಿಸ್ ದೇವತೆ, ತಂದೆ ಮಾನವ. ಮಗನಿಗೆ ಸಾವು ಬಾರದಿರಲೆಂದು ತಾಯಿ ಅವನನ್ನು ಪಾತಾಳದ ಸ್ಟಿಕ್ಸ್ ನದಿಯಲ್ಲಿ ಅದ್ದಿದಳು. ಆದರೆ ಅದ್ದುವಾಗ ಅವಳು ಹಿಡಿದಿದ್ದ ಹಿಮ್ಮಡಿಗೆ ನೀರು ಸೋಂಕಲಿಲ್ಲ. ಮುಂದೆ ಟ್ರಾಯ್ ನಗರದ ಯುದ್ಧದಲ್ಲಿ ಪ್ಯಾರಿಸನ ಬಾಣ ಅಲ್ಲಿಗೇ ತಾಗಿ ಅವನು ಮಡಿದನು. ಹೋಮರನ ‘ಇಲಿಯಡ್’ ಕಾವ್ಯದಲ್ಲಿ ಈ ಸಂಗತಿ ಇಲ್ಲ. ಅಲ್ಲಿ ಅಕಿಲೀಸನೂ ಇತರರಂತೆ ಗಾಯಗೊಳ್ಳುತ್ತಾನೆ. ಸ್ಟಿಕ್ಸ್ ನದಿಯ ಪ್ರಸ್ತಾಪ ನಮಗೆ ದೊರೆಯುವುದು ಕ್ರಿ.ಶ. ಮೊದಲನೆಯ ಶತಮಾನದ ರೋಮನ್ ಕವಿ ಸ್ಟೇಷಿಯಸ್‌ನ ಕಾವ್ಯದಲ್ಲಿ. ಈ ಕಥೆಯಲ್ಲಿ ಗಮನಿಸಬೇಕಾದ ಅಂಶ ಒಂದಿದೆ: ಮಗನನ್ನು ಕಾಪಾಡಲು ಹಿಡಿದ ಕೈಯೇ ಅವನಿಗೆ ಮೃತ್ಯುವಿನ ಗುರುತನ್ನೂ ಉಳಿಸಿತು. ಹಿಡಿಯದೆ ಅದ್ದಿದ್ದರೆ ಮಗು ನೀರುಪಾಲಾಗುತ್ತಿತ್ತು. ಹಿಡಿದುದರಿಂದ ಹಿಮ್ಮಡಿ ಒಣಗಿಯೇ ಉಳಿಯಿತು.

ಮರ್ಮಸ್ಥಾನ ಇದ್ದಮಾತ್ರಕ್ಕೆ ಸಾವು ಬರುವುದಿಲ್ಲ; ಅದನ್ನು ಶತ್ರು ತಿಳಿಯಬೇಕು. ಅದು ತಿಳಿಯುವ ಬಗೆಯನ್ನು ಸ್ಪಷ್ಟವಾಗಿ ಕಾಣಿಸುವ ಕಾವ್ಯವೊಂದು ಜರ್ಮನ್ ಭಾಷೆಯಲ್ಲಿದೆ. ಸುಮಾರು ಕ್ರಿ.ಶ. 1200ರಲ್ಲಿ ರಚಿತವಾದ ಆ ಕಾವ್ಯದ ಹೆಸರು ‘ನೀಬೆಲುಂಗೆನ್‌ಲೀಡ್’. ಅದರ ಕವಿಯ ಹೆಸರು ತಿಳಿದಿಲ್ಲ.

ಈ ಕಾವ್ಯದ ನಾಯಕ ಸೀಗ್‌ಫ್ರೀಡ್. ಅವನು ಒಂದು ಘೋರಸರ್ಪವನ್ನು ಕೊಂದು ಅದರ ರಕ್ತದಲ್ಲಿ ಮಿಂದನು. ಆ ರಕ್ತ ಸೋಂಕಿದ ಕಡೆಯೆಲ್ಲ ಚರ್ಮ ಕೊಂಬಿನಂತೆ ಗಡುಸಾಗಿ, ಯಾವ ಆಯುಧವೂ ನಾಟದಂತಾಯಿತು. ಆದರೆ ಮೀಯುವಾಗ ಲಿಂಡೆನ್ ಎಂಬ ಮರದ ಎಲೆಯೊಂದು ಉದುರಿ ಅವನ ಎರಡು ಹೆಗಲುಗಳ ನಡುವೆ, ಬೆನ್ನಿನ ಮೇಲೆ ಅಂಟಿಕೊಂಡಿತು. ಅಷ್ಟು ಜಾಗಕ್ಕೆ ರಕ್ತ ತಾಗಲಿಲ್ಲ. ಅದು ಅವನ ಕಣ್ಣಿಗೆ ಕಾಣದ, ಅವನ ಕೈಯಿಂದ ಕಾಯಲಾಗದ ಜಾಗ.

ಸೀಗ್‌ಫ್ರೀಡನ ಮಡದಿ ಕ್ರೀಮ್‌ಹಿಲ್ಡ್. ಅವಳು ರೈನ್ ನದಿಯ ದಡದ ವೋರ್ಮ್ಸ್ ನಗರದ ಅರಸು ಗುಂಥರನ ತಂಗಿ. ಒಮ್ಮೆ ಅವಳಿಗೂ ಗುಂಥರನ ರಾಣಿ ಬ್ರೂನ್‌ಹಿಲ್ಡಳಿಗೂ ಯಾರ ಪತಿ ಮೇಲೆಂಬ ವಾದ ಹುಟ್ಟಿ, ರಾಣಿಗೆ ಜನರೆದುರಿನಲ್ಲಿ ಅವಮಾನವಾಯಿತು. ಅರಸನ ಸಾಮಂತನಾದ ಹಾಗೆನ್ ಇದಕ್ಕೆ ಸೇಡು ತೀರಿಸಲು ನಿಶ್ಚಯಿಸಿದನು. ಎದುರಿಗೆ ನಿಂತು ಸೀಗ್‌ಫ್ರೀಡನನ್ನು ಗೆಲ್ಲುವುದು ಅಸಾಧ್ಯವೆಂದು ಅವನು ಬಲ್ಲನು. ಆದುದರಿಂದ ಶತ್ರುಗಳು ದಂಡೆತ್ತಿ ಬರುತ್ತಿದ್ದಾರೆಂಬ ಸುಳ್ಳುಸುದ್ದಿಯನ್ನು ಹಬ್ಬಿಸಿದನು. ಸೀಗ್‌ಫ್ರೀಡ್ ಭಾವನ ನೆರವಿಗೆ ಯುದ್ಧಸನ್ನದ್ಧನಾದನು.

ಹಾಗೆನ್ ಬೀಳ್ಕೊಳ್ಳುವ ನೆಪದಿಂದ ಕ್ರೀಮ್‌ಹಿಲ್ಡಳ ಬಳಿಗೆ ಬಂದನು. ತನ್ನ ತವರಿನ ಬಂಧುವಾದ ಅವನು ರಣರಂಗದಲ್ಲಿ ಪತಿಯ ಬೆನ್ನಿಗಿರುವನೆಂದು ನಂಬಿ, ಅವಳು ಎಲೆಯ ಗುಟ್ಟನ್ನು ಹೇಳಿಬಿಟ್ಟಳು. “ಆ ಜಾಗ ಯಾವುದೆಂದು ನನಗೆ ತಿಳಿಯುವಂತೆ ಉಡುಪಿನ ಮೇಲೆ ಒಂದು ಗುರುತು ಹಾಕಿರಿ, ನಾನು ಕಾಯುವೆನು” ಎಂದನು ಹಾಗೆನ್. ಅವಳು ನವಿರಾದ ರೇಷ್ಮೆಯ ಎಳೆಯಿಂದ ಗಂಡನ ಅಂಗಿಯ ಮೇಲೆ ಚಿಕ್ಕದೊಂದು ಶಿಲುಬೆಯ ಗುರುತನ್ನು ಹೊಲಿದಳು. ರಕ್ಷಣೆಗೆಂದು ಹಾಕಿದ ಗುರುತು ಈಟಿಗೆ ಗುರಿಯಾಯಿತು.

ಅನಂತರ ಯುದ್ಧವಿಲ್ಲವೆಂಬ ಸುದ್ದಿ ಬಂದಿತು. ಅದರ ಬದಲು ಅರಸನು ಬೇಟೆಗೆ ಹೊರಟನು. ಹಿಂದಿನ ರಾತ್ರಿ ದುಃಸ್ವಪ್ನವನ್ನು ಕಂಡಿದ್ದ ಕ್ರೀಮ್‌ಹಿಲ್ಡ್ ಹೋಗಬೇಡವೆಂದು ಗಂಡನನ್ನು ಬೇಡಿಕೊಂಡಳು. “ಇಲ್ಲಿ ನನ್ನನ್ನು ದ್ವೇಷಿಸುವವರು ಯಾರಿದ್ದಾರೆ?” ಎಂದು ಅವನು ಹೊರಟೇಬಿಟ್ಟನು. ಬೇಟೆಯ ಬೀಡಿನಲ್ಲಿ ಕುಡಿಯಲು ಪಾನೀಯವಿಲ್ಲದಂತೆ ಹಾಗೆನ್ ಮೊದಲೇ ಏರ್ಪಾಟು ಮಾಡಿದ್ದನು. ಬಾಯಾರಿದ ಸೀಗ್‌ಫ್ರೀಡನೊಡನೆ ಗುಂಥರನೂ ಹಾಗೆನನೂ ಹತ್ತಿರದ ಚಿಲುಮೆಯವರೆಗೆ ಓಟದ ಪಂದ್ಯ ಹೂಡಿದರು. ಸೀಗ್‌ಫ್ರೀಡ್ ಎಲ್ಲರಿಗಿಂತ ಮೊದಲು ಮುಟ್ಟಿದನು. ಆದರೂ ಅರಸನು ಕುಡಿಯುವ ಮೊದಲು ತಾನು ಕುಡಿಯಬಾರದೆಂದು, ಆಯುಧಗಳನ್ನು ಕೆಳಗಿರಿಸಿ ಕಾದು ನಿಂತನು. ಅವನ ಸರದಿ ಬಂದು ನೀರಿಗೆ ಬಾಗಿದಾಗ, ಹಾಗೆನ್ ಅವನ ಬಿಲ್ಲನ್ನೂ ಖಡ್ಗವನ್ನೂ ದೂರ ಸರಿಸಿ, ಗುರುತಿಗೆ ಗುರಿಯಿಟ್ಟು ಈಟಿಯಿಂದ ಇರಿದನು. ಆ ಚಿಲುಮೆಯ ಬಳಿ ನೆರಳು ನೀಡುತ್ತಿದ್ದುದೂ ಲಿಂಡೆನ್ ಮರವೇ.

ಈ ಸಾವಿನಲ್ಲಿ ವಿಧಿಯ ಪಾಲೆಷ್ಟು? ಎಲೆ ಉದುರಿದುದು ಮಾತ್ರ ವಿಧಿ. ಅದರಲ್ಲಿ ಯಾರ ಕೈವಾಡವೂ ಇಲ್ಲ. ಉಳಿದುದೆಲ್ಲ ಮನುಷ್ಯರ ಕೃತಿ. ರಾಣಿಯರ ಜಗಳ, ಹಾಗೆನನ ವಂಚನೆ, ಗುಂಥರನ ಸಮ್ಮತಿ, ಕ್ರೀಮ್‌ಹಿಲ್ಡಳ ನಂಬಿಕೆ, ಸೀಗ್‌ಫ್ರೀಡನ ವಿನಯ ಇವುಗಳಲ್ಲಿ ಒಂದು ತಪ್ಪಿದ್ದರೂ ಈಟಿ ಗುರಿ ಮುಟ್ಟುತ್ತಿರಲಿಲ್ಲ. ಇವುಗಳಲ್ಲಿ ಕೆಲವು ದೋಷಗಳಾದರೆ ಕೆಲವು ಸದ್ಗುಣಗಳು ಎಂಬುದೇ ಕಥೆಯ ಕರುಣೆ.

ನಮ್ಮ ಮಹಾಭಾರತದ ದುರ್ಯೋಧನನ ವಿಷಯ ಇದಕ್ಕಿಂತ ಭಿನ್ನವಾದುದು. ಗಾಂಧಾರಿಯ ದೃಷ್ಟಿಯಿಂದ ಅವನ ಮೈ ವಜ್ರವಾಯಿತು, ನಾಚಿಕೆಯಿಂದ ಮುಚ್ಚಿಕೊಂಡ ತೊಡೆ ಮಾತ್ರ ಮೃದುವಾಗಿ ಉಳಿಯಿತು ಎಂಬ ಕಥೆ ಜನರಲ್ಲಿ ಪ್ರಚಲಿತವಾಗಿದೆ. ವ್ಯಾಸಭಾರತದಲ್ಲಿ ಅದಿಲ್ಲ. ಅಲ್ಲಿಯ ವನಪರ್ವದಲ್ಲಿ, ದುರ್ಯೋಧನನ ಮೇಲಿನ ಅರ್ಧದೇಹವು ವಜ್ರದಿಂದಲೂ ಕೆಳಗಿನ ಅರ್ಧವು ಹೂಗಳಿಂದಲೂ ನಿರ್ಮಿತವಾದುದೆಂದು ದಾನವರು ಅವನಿಗೇ ತಿಳಿಸುತ್ತಾರೆ. ಹೀಗೆ ತೊಡೆಯ ಕೋಮಲತೆ ಹುಟ್ಟಿನಿಂದಲೇ ಬಂದುದು. ಆದರೆ ಅದನ್ನು ಶತ್ರುವಿಗೆ ತೋರಿಸಿದವನು ಸ್ವತಃ ದುರ್ಯೋಧನನೇ. ದ್ಯೂತಸಭೆಯಲ್ಲಿ ಅವನು ದ್ರೌಪದಿಗೆ ತನ್ನ ಎಡತೊಡೆಯನ್ನು ತೋರಿಸಿ ಅವಮಾನಿಸಿದನು. ಆ ತೊಡೆಯನ್ನೇ ಮುರಿಯುವೆನೆಂದು ಭೀಮನು ಪ್ರತಿಜ್ಞೆ ಮಾಡಿದನು. ಮೈತ್ರೇಯ ಮುನಿ ಹಿತವಚನ ಹೇಳುವಾಗಲೂ ಅವನು ಉದಾಸೀನದಿಂದ ತೊಡೆಯನ್ನು ತಟ್ಟಿದನು. ಭೀಮನ ಗದೆಯಿಂದ ಅದು ಮುರಿಯಲೆಂದು ಮುನಿ ಶಪಿಸಿದನು. ಕೊನೆಗೆ ಗದಾಯುದ್ಧದಲ್ಲಿ, ನಾಭಿಯ ಕೆಳಗೆ ಹೊಡೆಯಬಾರದೆಂಬ ನಿಯಮವನ್ನು ಮೀರಿ ಭೀಮನು ಅಲ್ಲಿಗೇ ಹೊಡೆದನು. ಕನ್ನಡದ ರನ್ನಕವಿ ತನ್ನ ‘ಗದಾಯುದ್ಧ’ದಲ್ಲಿ ಈ ಊರುಭಂಗವನ್ನೇ ಕಾವ್ಯದ ಕೇಂದ್ರವಾಗಿ ಮಾಡಿಕೊಂಡಿದ್ದಾನೆ.

ಸೀಗ್‌ಫ್ರೀಡನ ಗುಟ್ಟನ್ನು ಪ್ರೀತಿ ಹೊರಗೆಡಹಿತು. ದುರ್ಯೋಧನನ ಗುಟ್ಟನ್ನು ದರ್ಪ ಹೊರಗೆಡಹಿತು. ಇಬ್ಬರಿಗೂ ಮರ್ಮಸ್ಥಾನವನ್ನು ಕೊಟ್ಟುದು ವಿಧಿ. ಆದರೆ ಅಲ್ಲಿಗೆ ದಾರಿಯನ್ನು ಮಾಡಿಕೊಟ್ಟವರು ಮನುಷ್ಯರು. ಪ್ರಾಚೀನ ಕವಿಗಳು ವಿಧಿಯನ್ನು ನಂಬಿದ್ದರೂ, ಅದರ ಹೆಸರಿನಲ್ಲಿ ಹಾಗೆನನನ್ನಾಗಲಿ ದುರ್ಯೋಧನನನ್ನಾಗಲಿ ಅವರವರ ಕೃತ್ಯದ ಹೊಣೆಯಿಂದ ಬಿಡುಗಡೆ ಮಾಡಲಿಲ್ಲ.

ಅಭ್ಯಾಸ

1. ಅಕಿಲೀಸನ ಹಿಮ್ಮಡಿ ಮರ್ಮಸ್ಥಾನವಾಗಿ ಉಳಿಯಲು ಕಾರಣವೇನು?
2. ಕ್ರೀಮ್‌ಹಿಲ್ಡ್ ತನ್ನ ಪತಿಯ ಗುಟ್ಟನ್ನು ಹಾಗೆನನಿಗೆ ಏಕೆ ತಿಳಿಸಿದಳು? ಅದರ ಪರಿಣಾಮವೇನಾಯಿತು?
3. ಸೀಗ್‌ಫ್ರೀಡ್ ಮತ್ತು ದುರ್ಯೋಧನರ ಅಂತ್ಯದಲ್ಲಿ ವಿಧಿಯ ಪಾತ್ರವನ್ನೂ ಮನುಷ್ಯರ ಪಾತ್ರವನ್ನೂ ಹೋಲಿಸಿ ಬರೆಯಿರಿ.