ಬಡ್ಡಿಯಲ್ಲಿ ತಿನ್ನಬಹುದಾದ್ದು ಎಷ್ಟು?

“ಮೂವತ್ತೇಳೂವರೆ ಸಾವಿರ ಬರಬೇಕಿತ್ತು ಮಾರಾಯ. ಪಾಸ್‌ಬುಕ್ಕಿನಲ್ಲಿ ಮೂವತ್ತಮೂರು ಸಾವಿರದ ಏಳುನೂರ ಐವತ್ತು ಅಂತ ಇದೆ. ಉಳಿದದ್ದು ಎಲ್ಲಿ ಹೋಯ್ತು?”

ಕಳಸದ ಹತ್ತಿರದ ತೋಟದಿಂದ ಅಜ್ಜಯ್ಯ ಫೋನಿನಲ್ಲಿ ಕೇಳಿದ್ದು ಇಷ್ಟೇ. 2024ರ ಏಪ್ರಿಲ್‌ನಲ್ಲಿ, ಕಾಫಿಗೆ ಅವರು ಜನ್ಮದಲ್ಲಿ ಕಾಣದ ಧಾರಣೆ ಬಂದಾಗ, 20 ಲಕ್ಷ ರೂಪಾಯಿಯನ್ನು ಎಫ್‌ಡಿ ಇಟ್ಟಿದ್ದರು. ಹಿರಿಯ ನಾಗರಿಕರಿಗೆ ಅರ್ಧ ಪರ್ಸೆಂಟ್ ಹೆಚ್ಚು ಸೇರಿ ಬಡ್ಡಿ 7.5. ವರ್ಷಕ್ಕೆ 1,50,000 ರೂಪಾಯಿ, ಮೂರು ತಿಂಗಳಿಗೊಮ್ಮೆ 37,500. ಅದರಲ್ಲಿ ಶೇಕಡಾ 10, ಅಂದರೆ 3,750 ರೂಪಾಯಿ, ಟಿಡಿಎಸ್ ಆಗಿ ಹೋಗಿತ್ತು.

“ಕಾಫಿ ದುಡ್ಡಿಗೆ ಟ್ಯಾಕ್ಸ್ ಇಲ್ಲ ಅಂತ ಎಲ್ಲರೂ ಹೇಳ್ತಾರಲ್ಲ?” ಎಂದರು. ನಮ್ಮ ಕಡೆಯ ಅರ್ಧ ಗೊಂದಲ ಇರುವುದೇ ಇಲ್ಲಿ. ಅಜ್ಜಯ್ಯ ಪಾರ್ಚ್‌ಮೆಂಟ್ ಮತ್ತು ಚೆರ್ರಿಯನ್ನು ಕಣದಿಂದಲೇ ವ್ಯಾಪಾರಿಗೆ ಕೊಡುವವರು. ಅದು ಪೂರ್ತಿ ಕೃಷಿ ಆದಾಯ, ಆದಾಯ ತೆರಿಗೆ ಇಲ್ಲ. ತಾವೇ ಕ್ಯೂರಿಂಗ್ ಮಾಡಿಸಿ ಮಾರಿದ್ದರೆ 7ಬಿ ನಿಯಮದ ಪ್ರಕಾರ ಆ ಆದಾಯದ ಶೇಕಡಾ 25 ವ್ಯಾಪಾರದ್ದು ಎಂದು ಲೆಕ್ಕಕ್ಕೆ ಬರುತ್ತಿತ್ತು. ಆದರೆ ಆ ದುಡ್ಡು ಬ್ಯಾಂಕಿಗೆ ಹೋಗಿ ಬಡ್ಡಿ ಹುಟ್ಟಿಸಿದರೆ ಆ ಬಡ್ಡಿ ಕೃಷಿಯದ್ದಲ್ಲ. ಗಿಡದ ಫಲಕ್ಕೆ ವಿನಾಯಿತಿ ಇದೆ, ಬ್ಯಾಂಕಿನ ಫಲಕ್ಕೆ ಇಲ್ಲ.

ಹಾಗಂತ ಅವರು ತೆರಿಗೆ ಕಟ್ಟಬೇಕಾಗಿಯೂ ಇರಲಿಲ್ಲ. ತೋಟ ಬಿಟ್ಟರೆ ಈ ಒಂದೂವರೆ ಲಕ್ಷವೇ ಅವರ ಆದಾಯ, ವಿನಾಯಿತಿಯ ಮಿತಿ ಆ ವರ್ಷ 3 ಲಕ್ಷ. ಬ್ಯಾಂಕಿಗೆ ಇದು ಗೊತ್ತಿರುವುದಿಲ್ಲ. ಹಿರಿಯರ ಬಡ್ಡಿ ವರ್ಷಕ್ಕೆ 50,000 ದಾಟುತ್ತದೆ ಎಂದಾದರೆ ಹಿಡಿಯಬೇಕು ಎನ್ನುವುದು ಆಗಿನ ನಿಯಮ (2025ರ ಏಪ್ರಿಲ್‌ನಿಂದ ಆ ಮಿತಿ 1 ಲಕ್ಷವಾಯಿತು). ‘ನನಗೆ ತೆರಿಗೆ ಬರುವುದಿಲ್ಲ’ ಎಂದು ಆಗಿನ ಫಾರಂ 15ಎಚ್ ಬರೆದುಕೊಟ್ಟಿದ್ದರೆ ಹಿಡಿಯುತ್ತಿರಲಿಲ್ಲ. ಅದನ್ನು ಪ್ರತಿ ವರ್ಷ ಏಪ್ರಿಲ್‌ನಲ್ಲಿ, ಠೇವಣಿ ಇರುವ ಪ್ರತಿ ಬ್ಯಾಂಕಿಗೂ ಹೊಸದಾಗಿ ಕೊಡಬೇಕಿತ್ತು. ಅಜ್ಜಯ್ಯ ಜುಲೈನಲ್ಲಿ ಕೊಟ್ಟರು, ಮುಂದಿನ ಕಂತುಗಳು ಪೂರ್ತಿ ಬಂದವು. ಹೋದ 3,750ಕ್ಕೆ ರಿಟರ್ನ್ ಸಲ್ಲಿಸಿ ರೀಫಂಡ್ ಪಡೆದೆವು. ಸುಲಭದ ಐಟಿಆರ್-1 ನಮಗೆ ನಡೆಯಲಿಲ್ಲ. ಕೃಷಿ ಆದಾಯ 5,000 ರೂಪಾಯಿ ದಾಟಿದವರಿಗೆ ಅದು ಇಲ್ಲ, ಐಟಿಆರ್-2 ತುಂಬಬೇಕು. ತೋಟದ ಆದಾಯ 5 ಲಕ್ಷ ದಾಟಿದ್ದರೆ ಜಮೀನು ಯಾವ ಜಿಲ್ಲೆ, ಎಷ್ಟು ಎಕರೆ, ನೀರಾವರಿಯೋ ಮಳೆಯಾಶ್ರಿತವೋ ಎಂದೂ ಕೇಳುತ್ತದೆ.

ಒಂದು ಮಾತು ಇಲ್ಲೇ ಹೇಳಿಬಿಡಬೇಕು. ಬಡ್ಡಿ ವಿನಾಯಿತಿಯ ಮಿತಿ ದಾಟಿತೆಂದರೆ ತೋಟದ ಆದಾಯವೂ ಲೆಕ್ಕಕ್ಕೆ ಬರುತ್ತದೆ. ಅದರ ಮೇಲೆ ತೆರಿಗೆ ಹಾಕುವುದಿಲ್ಲ, ಆದರೆ ಬಡ್ಡಿಗೆ ಯಾವ ದರ ಎಂದು ನಿರ್ಧರಿಸಲು ಎರಡನ್ನೂ ಕೂಡುತ್ತಾರೆ. ಒಳ್ಳೆ ಧಾರಣೆಯ ವರ್ಷದಲ್ಲಿ ದೊಡ್ಡ ಠೇವಣಿ ಇಟ್ಟವರು ಬೆಚ್ಚಿಬೀಳುವುದು ಇದಕ್ಕೇ.

ಟಿಡಿಎಸ್ ಜಗಳ ಮುಗಿದ ಮೇಲೆ ಅಜ್ಜಯ್ಯನ ನಿಜವಾದ ಪ್ರಶ್ನೆ ಬಂತು. “ಕಾಫಿ ಬೋರ್ಡಿನ ಕಂತು ಬಂದಾಗ ತೊಂಬತ್ತೆರಡರಲ್ಲಿ ಹದಿಮೂರು ಪರ್ಸೆಂಟಿಗೆ ಇಟ್ಟಿದ್ದೆ. ಈಗ ಏಳೂವರೆ. ಅರ್ಧಕ್ಕರ್ಧ ಕಮ್ಮಿಯಾಯ್ತಲ್ಲ?”

ಅವರು ಹೇಳಿದ ದರ ಸರಿ. 1992ರಲ್ಲಿ ಬ್ಯಾಂಕುಗಳು ಕೊಡಬಹುದಾದ ಗರಿಷ್ಠ ಬಡ್ಡಿಯನ್ನು ರಿಸರ್ವ್ ಬ್ಯಾಂಕ್ 13 ಎಂದು ಕಟ್ಟಿಹಾಕಿತ್ತು. ಆದರೆ ಆ ವರ್ಷ ಬೆಲೆಗಳು ಶೇಕಡಾ 12ರ ಹತ್ತಿರ ಏರಿದ್ದವು. ಹಿಂದಿನ ವರ್ಷ ಇನ್ನೂ ಹೆಚ್ಚು, 14ರ ಹತ್ತಿರ. ಲಕ್ಷಕ್ಕೆ 13,000 ಬಡ್ಡಿ ಬಂದರೆ ಅದರಲ್ಲಿ 12,000, ವರ್ಷದ ಕೊನೆಗೆ ಆ ಲಕ್ಷ ಮೊದಲಿನಷ್ಟೇ ಸಾಮಾನು ತರಲಿ ಎನ್ನುವುದಕ್ಕೇ ಬೇಕು. ಮಿಕ್ಕಿದ್ದು ಸಾವಿರ.

ಈಗಿನ ಠೇವಣಿಗೂ ಅದೇ ಲೆಕ್ಕ ಹಾಕಿ ತೋರಿಸಿದೆ. 2024-25ರಲ್ಲಿ ಚಿಲ್ಲರೆ ಹಣದುಬ್ಬರದ ಸರಾಸರಿ ಶೇಕಡಾ 4.6. ಇಪ್ಪತ್ತು ಲಕ್ಷದ ಕಸುವು ಉಳಿಯಬೇಕಾದರೆ ವರ್ಷದ ಕೊನೆಗೆ ಅದು 20,92,000 ಆಗಿರಬೇಕು. ಒಂದೂವರೆ ಲಕ್ಷದಲ್ಲಿ 92,000 ಅಸಲಿಗೆ ವಾಪಸ್, ಧೈರ್ಯವಾಗಿ ತಿನ್ನಬಹುದಾದ್ದು 58,000. ಲಕ್ಷಕ್ಕೆ 2,900. ತೊಂಬತ್ತೆರಡರ ಸುಮಾರು ಮೂರು ಪಟ್ಟು.

ಕೆಟ್ಟ ಕಾಲ ಬೇರೆಯೇ ಇತ್ತು. 2020-21ರಲ್ಲಿ ಒಂದು ವರ್ಷದ ಠೇವಣಿಗೆ ಹಿರಿಯರಿಗೂ ಐದೂವರೆಯ ಆಸುಪಾಸು ಸಿಗುತ್ತಿತ್ತು, ಹಣದುಬ್ಬರ 6.2. ಇದೇ 20 ಲಕ್ಷಕ್ಕೆ 1,10,000 ಬಡ್ಡಿ, 1,24,000 ಸವೆತ. ಆ ವರ್ಷ ಬಡ್ಡಿಯನ್ನು ಮುಟ್ಟದೇ ಇಟ್ಟವರೂ 14,000 ಕಳೆದುಕೊಂಡರು. ಯಾವ ಪಾಸ್‌ಬುಕ್ಕೂ ಅದನ್ನು ಬರೆದು ತೋರಿಸುವುದಿಲ್ಲ.

“ನಿಂದೆಷ್ಟು?” ಎಂದರು. ಬೆಂಗಳೂರಿನ ಸಂಬಳದ ನಾನು ಶೇಕಡಾ 30ರ ಹಂತದಲ್ಲಿದ್ದೇನೆ, ಸೆಸ್ ಸೇರಿ 31.2. ನನ್ನ 20 ಲಕ್ಷಕ್ಕೆ 7ರಂತೆ 1,40,000 ಬಂದರೆ 43,680 ತೆರಿಗೆ. ಉಳಿದ 96,320ರಲ್ಲಿ 92,000 ಸವೆತಕ್ಕೆ. ಕೈಯಲ್ಲಿ 4,320. ತೆರಿಗೆ ಇಲಾಖೆ ಬಡ್ಡಿಯ ಪೂರ್ತಿ ಮೊತ್ತಕ್ಕೆ ತೆರಿಗೆ ಹಾಕುತ್ತದೆ, ಸವೆತ ತುಂಬುವ ಭಾಗವನ್ನು ಬಿಡುವುದಿಲ್ಲ. ಅದಕ್ಕೇ ಒಂದೇ ಎಫ್‌ಡಿ ಅಜ್ಜನಿಗೆ ಒಗ್ಗಿ ಮೊಮ್ಮಗನಿಗೆ ಒಗ್ಗುವುದಿಲ್ಲ.

ಅಜ್ಜಯ್ಯ ಸುಲಭಕ್ಕೆ ಒಪ್ಪುವವರಲ್ಲ. “ನಿನ್ನ ನಾಲ್ಕು ಪಾಯಿಂಟ್ ಆರು ಯಾರ ಮನೆಯದ್ದು?” ನ್ಯಾಯವಾದ ಪ್ರಶ್ನೆ. ಆಗಿನ ಸೂಚ್ಯಂಕದಲ್ಲಿ ತಿನ್ನುವ ಕುಡಿಯುವ ಪದಾರ್ಥಗಳ ಪಾಲು ಶೇಕಡಾ ಸುಮಾರು 46 ಇತ್ತು, ಆರೋಗ್ಯದ್ದು 6ಕ್ಕೂ ಕಡಿಮೆ. ಅಜ್ಜಯ್ಯನಿಗೆ ಅಕ್ಕಿ, ತೆಂಗು, ಮೆಣಸು ಮನೆಯದ್ದೇ. ದುಡ್ಡು ಹೋಗುವುದು ಮಾತ್ರೆಗೆ, ಚಿಕ್ಕಮಗಳೂರಿನ ಡಾಕ್ಟರಿಗೆ, ಅಲ್ಲಿಗೆ ಹೋಗುವ ಕಾರಿಗೆ, ಮನೆಗೆಲಸದವರ ಸಂಬಳಕ್ಕೆ. ಅವರ ಮನೆಯ ಏರಿಕೆ 7 ಎಂದು ಹಿಡಿದರೆ 58,000 ಇಳಿದು 10,000 ಆಗುತ್ತದೆ. ಸರ್ಕಾರದ ಅಂಕಿಯನ್ನು ನಂಬಬಾರದೆಂದಲ್ಲ, ಅದು ದೇಶದ ಸರಾಸರಿ. ಪ್ರತಿ ಯುಗಾದಿಗೆ ಅದೇ ಹತ್ತು ಖರ್ಚುಗಳನ್ನು ಡೈರಿಯಲ್ಲಿ ಬರೆದಿಟ್ಟುಕೊಳ್ಳಿ, ಎರಡು ವರ್ಷದಲ್ಲಿ ನಿಮ್ಮದೇ ಸೂಚ್ಯಂಕ ಸಿಗುತ್ತದೆ ಎಂದೆ. ತೋಟದ ಕೂಲಿಯನ್ನು ಅದರಲ್ಲಿ ಸೇರಿಸಬೇಡಿ, ಅದು ಕಾಫಿಯ ಖರ್ಚು ಎಂದೂ ಹೇಳಿದೆ.

ಹಾಗಾದರೆ ಪ್ರತಿ ಕಂತಿನ 37,500ರಲ್ಲಿ 23,000 ವಾಪಸ್ ಇಟ್ಟು 14,500 ಮಾತ್ರ ಖರ್ಚು ಮಾಡಿ ಎಂದಾಗ ಅಜ್ಜಯ್ಯ ನಕ್ಕರು. “ನಾನೇನು ನೂರೈವತ್ತು ವರ್ಷ ಇರ್ತೀನಾ?” ಅದೂ ಸರಿಯೇ. ಈ ವಯಸ್ಸಿನಲ್ಲಿ ಅಸಲಿನ ಕಸುವನ್ನು ಸ್ವಲ್ಪ ಸ್ವಲ್ಪ ತಿಂದರೆ ತಪ್ಪಿಲ್ಲ, ತಿನ್ನುತ್ತಿದ್ದೇವೆಂದು ಗೊತ್ತಿದ್ದರೆ ಸಾಕು. ಅರ್ಧ ಖರ್ಚು, ಅರ್ಧ ಆರ್‌ಡಿ ಎಂದು ರಾಜಿಯಾಯಿತು.

2025ರಲ್ಲಿ ರಿಸರ್ವ್ ಬ್ಯಾಂಕ್ ರೆಪೊ ದರವನ್ನು 6.5ರಿಂದ 5.25ಕ್ಕೆ ಇಳಿಸಿತು, ಠೇವಣಿ ಬಡ್ಡಿಯೂ ಇಳಿಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಹಣದುಬ್ಬರ 0.25ಕ್ಕೆ ಬಂದದ್ದನ್ನು ಅಜ್ಜಯ್ಯ ಪೇಪರಿನಲ್ಲಿ ಓದಿದ್ದರು. “ಹಾಗಾದ್ರೆ ಈಗ ಬಡ್ಡಿ ಪೂರ್ತಿ ತಿನ್ನಬಹುದಲ್ಲ?” ಅದು ಒಂದು ತಿಂಗಳ ಅಂಕಿ, ಹಿಂದಿನ ವರ್ಷ ದುಬಾರಿಯಾಗಿದ್ದ ತರಕಾರಿ ಅಗ್ಗವಾದದ್ದರಿಂದ ಬಂದದ್ದು, ನಿಮ್ಮ ಮಾತ್ರೆಯೇನೂ ಅಗ್ಗವಾಗಿಲ್ಲವಲ್ಲ ಎಂದೆ. ಡೈರಿ ನೋಡಿ ಹೇಳ್ತೀನಿ ಎಂದು ಫೋನಿಟ್ಟರು.