ಆರು, ಏಳರ ಮಗ್ಗಿಗೆ ಪ್ರಾಸದ ಸಾಲು

ಆರರ ಮಗ್ಗಿಯಲ್ಲಿ ಅರ್ಧ ಪ್ರಾಸ ಕನ್ನಡದಲ್ಲೇ ಇದೆ. ಆರೆರಡ್ಲಿ ಹನ್ನೆರಡು, ಆರ್ನಾಲ್ಕ್ಲಿ ಇಪ್ಪತ್ನಾಲ್ಕು, ಆರಾರ್ಲಿ ಮೂವತ್ತಾರು, ಆರೆಂಟ್ಲಿ ನಲವತ್ತೆಂಟು: ಸಮಸಂಖ್ಯೆಯಿಂದ ಗುಣಿಸಿದಾಗ ಅದೇ ಸಂಖ್ಯೆ ಉತ್ತರದ ಕೊನೆಗೆ ಬಂದು ಕೂರುತ್ತದೆ. ಹತ್ತರ ಸ್ಥಾನದಲ್ಲಿ ಅದರ ಅರ್ಧವಿರುತ್ತದೆ. ಎಂಟಕ್ಕೆ ನಾಲ್ಕು, ಆರಕ್ಕೆ ಮೂರು. ಮೂರನೇ ತರಗತಿಯ ಮಗುವಿಗೆ ಈ ನಾಲ್ಕು ಸಾಲು ಮೊದಲು ಬಂದರೆ ಉಳಿದವಕ್ಕೆ ಆರು ಕೂಡಿಸಿದರೆ ಸಾಕು.

ಏಳರಲ್ಲಿ ಇಂಥ ಅನುಕೂಲವಿಲ್ಲ, ಪದ್ಯ ಕಟ್ಟಲೇಬೇಕು. ಪೂರ್ತಿ ಮಗ್ಗಿಗಲ್ಲ, ಮಕ್ಕಳು ತಡವರಿಸುವ ಜಾಗಕ್ಕೆ ಮಾತ್ರ:

ಏಳೇಳ್ಲಿ ನಲವತ್ತೊಂಬತ್ತು,
ಒಂದು ಸೇರಿದ್ರೆ ಐವತ್ತು.
ಏಳೆಂಟ್ಲಿ ಐವತ್ತಾರು,
ಐದಾರೇಳೆಂಟು ಎಳೆದವು ತೇರು.

ಕೊನೆಯ ಸಾಲಿನಲ್ಲಿ ಲೆಕ್ಕವೇ ಅಡಗಿದೆ. 5, 6, 7, 8 ಎಂದು ಸಾಲಾಗಿ ಬರೆದು ನಡುವೆ ಸಮ ಚಿಹ್ನೆ, 7 ಮತ್ತು 8ರ ನಡುವೆ ಗುಣಾಕಾರ ಚಿಹ್ನೆ ಇಟ್ಟರೆ 56 = 7 × 8. ಇದನ್ನು ಸ್ಲೇಟಿನ ಮೇಲೆ ಮಗುವಿನ ಕೈಯಲ್ಲೇ ಬರೆಸಬೇಕು.

ಪ್ರಾಸಕ್ಕೊಂದು ಮಿತಿಯಿದೆ. ಏಳೆಂಟ್ಲಿ ಐವತ್ನಾಲ್ಕು ಎಂದರೂ ಲಯ ಕೆಡುವುದಿಲ್ಲ, ಹಾಗಾಗಿ ತಪ್ಪು ಕಿವಿಗೆ ತಿಳಿಯದು. 54 ಆರೊಂಬತ್ಲಿಯ ಉತ್ತರ. ಮಕ್ಕಳು ಅದನ್ನು ಇಲ್ಲಿಗೆ ತರುವುದುಂಟು. ಆಗ ಹಿಂದಿನ ಸಾಲಿಗೆ ಹೋಗಿ 49ಕ್ಕೆ 7 ಕೂಡಿಸಬೇಕು: ಒಂದು ಸೇರಿ ಐವತ್ತು, ಉಳಿದ ಆರು ಸೇರಿ ಐವತ್ತಾರು.

ಸಾಲು ಬಾಯಿಗೆ ಬಂದ ಮೇಲೆ ಕ್ರಮ ತಪ್ಪಿಸಿ ಕೇಳಬೇಕು. "ಏಳೆಂಟ್ಲಿ ಎಷ್ಟು?" ಎಂದಾಗ ತುಟಿ "ಏಳೊಂದ್ಲಿ ಏಳು" ಎಂದು ಮೊದಲಿನಿಂದ ಅಲುಗಿದರೆ, ಮಗುವಿಗೆ ಬಂದಿರುವುದು ರಾಗ ಮಾತ್ರ. ಅಂಥ ಮಗುವಿಗೆ ಒಂದು ಜೋಡಿ ಸಾಲನ್ನಷ್ಟೇ ಕೊಟ್ಟು, "ಎಂಟೇಳ್ಲಿ ಎಷ್ಟು?" ಎಂದು ತಿರುಗಿಸಿಯೂ ಕೇಳಿ, ನಿಂತಲ್ಲೇ ಉತ್ತರ ಬಂದ ಮೇಲೆ ಮುಂದಿನ ಜೋಡಿಗೆ ಹೋಗಬೇಕು.